ಅಮೃತಬಳ್ಳಿ ರಸ ಮತ್ತು ‘ಹರ್ಬಲ್ ಲಿವರ್ ಇಂಜುರಿ’

ಗಿಡಮೂಲಿಕೆಯ ಕಷಾಯ, ರಸ, ಪುಡಿ ಅಥವಾ ಮಾತ್ರೆಯಿಂದ ಲಿವರಿಗೆ ಪೆಟ್ಟು ಬಿದ್ದರೆ ವೈದ್ಯರು ಅದನ್ನು ‘ಹರ್ಬಲ್ ಲಿವರ್ ಇಂಜುರಿ’ ಎನ್ನುತ್ತಾರೆ. ಇಂಗ್ಲಿಷ್ ಔಷಧಗಳಿಂದ ಆಗುವ ಲಿವರ್ ಹಾನಿಯ ಜಾತಿಗೇ ಇದೂ ಸೇರುತ್ತದೆ. ಬಾಯಿಂದ ಹೋದದ್ದು ಬೇರಿನ ರಸವೋ ಕಾರ್ಖಾನೆಯ ಗುಳಿಗೆಯೋ ಎಂದು ಲಿವರ್ ವಿಚಾರಿಸುವುದಿಲ್ಲ. ಕರುಳು ಹೀರಿಕೊಂಡದ್ದರಲ್ಲಿ ಬಹುಪಾಲು ನೇರವಾಗಿ ಅದರ ಬಳಿಗೇ ಬರುತ್ತದೆ, ಅದರೊಳಗಿನ ರಾಸಾಯನಿಕಗಳನ್ನು ಹೆಚ್ಚಾಗಿ ಅದೇ ಒಡೆದು ಸಾಗಹಾಕಬೇಕು. ಈ ಪದ ನಮ್ಮ ದೇಶದಲ್ಲಿ ಹೆಚ್ಚು ಜನರ ಕಿವಿಗೆ ಬಿದ್ದದ್ದು ಕೋವಿಡ್ ಕಾಲದಲ್ಲಿ, ಅದೂ ಅಮೃತಬಳ್ಳಿಯ ಕಾರಣಕ್ಕೆ. ಹಿಂದಿಯವರು ಗಿಲೋಯ್ ಎನ್ನುವುದು, ಆಯುರ್ವೇದದಲ್ಲಿ ಗುಡೂಚಿ ಎನ್ನುವುದು ಇದೇ ಬಳ್ಳಿಯನ್ನು. ಇದರ ಸಸ್ಯಶಾಸ್ತ್ರೀಯ ಹೆಸರು ಟಿನೋಸ್ಪೋರಾ ಕಾರ್ಡಿಫೋಲಿಯಾ.

2020ರ ಸೆಪ್ಟೆಂಬರಿನಿಂದ ಡಿಸೆಂಬರಿನ ನಡುವೆ ಮುಂಬೈಯ ಲಿವರ್ ತಜ್ಞರು ಒಂದೇ ಬಗೆಯ ಆರು ರೋಗಿಗಳನ್ನು ಕಂಡರು. ಅದರ ವರದಿ 2021ರಲ್ಲಿ ಪ್ರಕಟವಾಯಿತು. ಅವರಲ್ಲೊಬ್ಬರು 40 ವರ್ಷದ ಗಂಡಸು. ಮೊದಲಿಂದ ಯಾವ ಕಾಯಿಲೆಯೂ ಇರಲಿಲ್ಲ. ಹದಿನೈದು ದಿನಗಳಿಂದ ಕಾಮಾಲೆ ಎಂದು ಬಂದಿದ್ದರು. ಕೇಳುತ್ತಾ ಹೋದಾಗ ತಿಳಿದದ್ದು ಇಷ್ಟು: ಅಮೃತಬಳ್ಳಿಯ ಹತ್ತು ಹನ್ನೆರಡು ತುಂಡುಗಳನ್ನು ದಾಲ್ಚಿನ್ನಿ, ಲವಂಗದ ಜೊತೆ ಅರ್ಧ ಲೋಟ ನೀರಿನಲ್ಲಿ ಕುದಿಸಿ, ಎರಡು ಮೂರು ದಿನಕ್ಕೊಮ್ಮೆ ಕುಡಿಯುತ್ತಿದ್ದರು. ಹೀಗೆ ಮೂರು ತಿಂಗಳು ನಡೆದಿತ್ತು. ದಿನವೂ ಕುಡಿದವರಲ್ಲ, ಲೋಟಗಟ್ಟಲೆ ಕುಡಿದವರೂ ಅಲ್ಲ. ‘ಮಿತವಾಗಿ ಕುಡಿದರೆ ಏನೂ ಆಗುವುದಿಲ್ಲ’ ಎಂಬ ನಮ್ಮ ನಂಬಿಕೆಗೆ ಈ ವಿವರ ಅಡ್ಡ ಬರುತ್ತದೆ, ಅದಕ್ಕೇ ಇದನ್ನು ಬಿಡಿಸಿ ಬರೆದೆ.

ಇಂಥ ರೋಗಿ ಎದುರಿಗೆ ಕೂತಾಗ ವೈದ್ಯರು ಮೊದಲೇ ಕಷಾಯದ ಮೇಲೆ ಬೆರಳು ತೋರಿಸುವುದಿಲ್ಲ. ‘ಇದು ಕಷಾಯದಿಂದಲೇ ಆಯಿತು’ ಎಂದು ಹೇಳಿಬಿಡುವ ಒಂದೇ ರಕ್ತ ಪರೀಕ್ಷೆ ಇಲ್ಲ. ಹಾಗಾಗಿ ಉಳಿದ ಕಾರಣಗಳನ್ನು ಒಂದೊಂದಾಗಿ ಹೊರಗಿಡುತ್ತಾ ಬರಬೇಕು. ಹೆಪಟೈಟಿಸ್ ಎ, ಬಿ, ಸಿ, ಇ ವೈರಸ್‌ಗಳಿಗೆ ರಕ್ತ ನೋಡುತ್ತಾರೆ. ಮದ್ಯ, ಬೇರೆ ಮಾತ್ರೆಗಳ ಬಗ್ಗೆ ಕೇಳುತ್ತಾರೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿದೆಯೇ ಎಂದು ಸ್ಕ್ಯಾನ್ ಮಾಡುತ್ತಾರೆ. ಕುಡಿಯಲು ಶುರುಮಾಡಿದ್ದು ಯಾವಾಗ, ಕಾಮಾಲೆ ಕಂಡದ್ದು ಯಾವಾಗ, ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಎಂಬ ಕಿಣ್ವ ಕಷಾಯ ಬಿಟ್ಟ ಮೇಲೆ ಇಳಿಯಿತೇ ಎಂಬುದನ್ನೆಲ್ಲ ಕೂಡಿಸಿ, ಅಂಕ ಹಾಕಿ, ಸಾಧ್ಯತೆ ಎಷ್ಟು ಎಂದು ತೂಗುತ್ತಾರೆ. ಈ ತೀರ್ಮಾನಕ್ಕೆ ಒಂದು ಮಿತಿಯೂ ಇದೆ. ಅದು ‘ಬಹುಮಟ್ಟಿಗೆ ಇದೇ’ ಎಂಬಲ್ಲಿಗೆ ನಿಲ್ಲುತ್ತದೆ, ನೂರಕ್ಕೆ ನೂರು ಎನ್ನುವುದು ಅಪರೂಪ.

ಮುಂಬೈ ರೋಗಿಗಳಲ್ಲಿ ವೈದ್ಯರ ಗಮನ ಸೆಳೆದದ್ದು ಹಾನಿಯ ಸ್ವರೂಪ. ವಿಷ ತಾಗಿದ ಲಿವರಿನ ಹಾಗೆ ಅದು ಕಾಣಲಿಲ್ಲ, ಆಟೋಇಮ್ಯೂನ್ ಹೆಪಟೈಟಿಸ್‌ನಂತೆ ಕಂಡಿತು. ಅಂದರೆ ದೇಹದ ರೋಗನಿರೋಧಕ ಕಣಗಳು ತಮ್ಮದೇ ಲಿವರನ್ನು ಪರಕೀಯ ಎಂದು ತಿಳಿದು ಮೇಲೆ ಬೀಳುವ ಕಾಯಿಲೆ. ಅದರಲ್ಲಿ ರಕ್ತದಲ್ಲಿ ಸ್ವಂತ ಅಂಗಾಂಶದ ವಿರುದ್ಧವೇ ಪ್ರತಿಕಾಯಗಳು ಸಿಗುತ್ತವೆ. ಲಿವರಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ಲಾಸ್ಮಾ ಕಣ, ಲಿಂಫೊಸೈಟ್ ಎಂಬ ರೋಗನಿರೋಧಕ ಕಣಗಳು ಗುಂಪುಗೂಡಿ, ಅಂಚಿನ ಲಿವರ್ ಕಣಗಳನ್ನು ಕೊರೆಯುತ್ತಿರುತ್ತವೆ.

ಅಮೃತಬಳ್ಳಿಯನ್ನು ಜನ ಕುಡಿಯುವುದೇ ಅದು ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ ಎಂಬ ಕಾರಣಕ್ಕೆ. ಪ್ರಯೋಗಾಲಯದ ಅಧ್ಯಯನಗಳಲ್ಲಿ ಅದರ ಸಾರ ಮ್ಯಾಕ್ರೊಫೇಜ್‌ನಂಥ ರಕ್ಷಕ ಕಣಗಳನ್ನು ಚುರುಕುಗೊಳಿಸುವುದು ಕಂಡಿದೆ. ಆದರೆ ನಮ್ಮ ರೋಗನಿರೋಧಕ ವ್ಯವಸ್ಥೆಯಲ್ಲಿ ದಾಳಿ ಮಾಡುವ ಭಾಗದಷ್ಟೇ ಮುಖ್ಯವಾದದ್ದು ದಾಳಿಯನ್ನು ತಡೆದು ನಿಲ್ಲಿಸುವ ಭಾಗ. ಕೆಲವರ ದೇಹದಲ್ಲಿ ಈ ತಡೆ ಹುಟ್ಟಿನಿಂದಲೇ ಸಡಿಲ. ಥೈರಾಯ್ಡ್ ಗ್ರಂಥಿಯ ಮೇಲೆ ಇಂಥದ್ದೇ ತಪ್ಪು ದಾಳಿ ನಡೆದಿರುವವರು, ಲೂಪಸ್ ಎಂಬ ಆಟೋಇಮ್ಯೂನ್ ಕಾಯಿಲೆ ಇರುವವರು, ಒಳಗೊಳಗೇ ಆಟೋಇಮ್ಯೂನ್ ಲಿವರ್ ಕಾಯಿಲೆ ಇದ್ದೂ ಗೊತ್ತಿಲ್ಲದವರು ಈ ಗುಂಪಿಗೆ ಸೇರುತ್ತಾರೆ. ಅಂಥವರಲ್ಲಿ ಚುರುಕಾದ ದಾಳಿ ಲಿವರಿನತ್ತ ತಿರುಗುತ್ತದೆ ಎಂಬುದು ಈಗ ಹೆಚ್ಚು ಒಪ್ಪಿಗೆಯಾಗುವ ವಿವರಣೆ. ಹೀಗಿರುವಾಗ ‘ಇಮ್ಯೂನಿಟಿ ಬೂಸ್ಟರ್’ ಎಂದು ಬಾಟಲಿಯ ಮೇಲೆ ಬರೆದು ಎಲ್ಲರಿಗೂ ಒಂದೇ ಎಂಬಂತೆ ಮಾರುವುದು ನನಗೆ ತೀರಾ ಬೇಸರ ತರುವ ಸಂಗತಿ. ಯಾರಿಗೆ ಬೂಸ್ಟ್ ಆಗಬಾರದೋ ಅವರಿಗೂ ಅದೇ ಮಾತು ತಲುಪುತ್ತದೆ.

ಮುಂಬೈಯ ಆರು ಜನರಲ್ಲಿ 62 ವರ್ಷದ ಮಹಿಳೆಯೊಬ್ಬರು ಉಳಿಯಲಿಲ್ಲ. ಅವರಿಗೆ ಹೊಟ್ಟೆಯಲ್ಲಿ ನೀರು ತುಂಬಿತ್ತು.

ವರದಿ ಬಂದಾಗ ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ರೋಗಿಗಳು ಕುಡಿದದ್ದರಲ್ಲಿ ಏನಿತ್ತೆಂದು ಪರೀಕ್ಷಿಸಿಲ್ಲ, ಬೇರೆ ಬಳ್ಳಿಯನ್ನು ಅಮೃತಬಳ್ಳಿ ಎಂದು ತಪ್ಪಾಗಿ ತಿಳಿದಿರಬಹುದು ಎಂದಿತು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಟಿನೋಸ್ಪೋರಾ ಕ್ರಿಸ್ಪಾ ಎಂಬ ಅದೇ ಕುಲದ ಬಳ್ಳಿ ಲಿವರಿಗೆ ಹಾನಿ ಮಾಡುವುದು ದಾಖಲಾಗಿದೆ. ಅದರ ಕಾಂಡದ ತುಂಬ ನರಹುಲಿಯಂಥ ಗಂಟುಗಳಿರುತ್ತವೆ, ಅಮೃತಬಳ್ಳಿಯ ಎಳೆಯ ಕಾಂಡ ಹಸಿರಾಗಿದ್ದು ಗಂಟುಗಳಿಲ್ಲದೆ ಇರುತ್ತದೆ. ಎಲೆ ಎರಡಕ್ಕೂ ಹೃದಯದ ಆಕಾರದ್ದೇ, ಹಾಗಾಗಿ ಎಲೆ ನೋಡಿ ನಿರ್ಧರಿಸಿದವರು ಮೋಸಹೋಗುತ್ತಾರೆ. ಕತ್ತರಿಸಿ ಒಣಗಿಸಿದ ತುಂಡನ್ನೋ ಬಾಟಲಿಯ ರಸವನ್ನೋ ನೋಡಿ ಮನೆಯಲ್ಲಿ ಗುರುತಿಸುವುದಂತೂ ಆಗದ ಮಾತು.

ಆದರೂ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 2022ರಲ್ಲಿ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ 43 ರೋಗಿಗಳ ವಿವರ ಪ್ರಕಟಿಸಿದರು. ಈ ಸಲ ಸಿಕ್ಕ ಮಾದರಿಗಳನ್ನು ಪ್ರಯೋಗಾಲಯದಲ್ಲೂ ಪರೀಕ್ಷಿಸಿದ್ದರು. ಕುಡಿಯಲು ಶುರುಮಾಡಿ ಸುಮಾರು ಒಂದೂವರೆ ತಿಂಗಳಿಗೆ ತೊಂದರೆ ಕಾಣಿಸಿಕೊಂಡದ್ದು, ಆಟೋಇಮ್ಯೂನ್ ಲಕ್ಷಣಗಳು ಇದ್ದದ್ದು ಇಲ್ಲೂ ಕಂಡಿತು. ಮೊದಲೇ ಲಿವರ್ ಕಾಯಿಲೆ ಇದ್ದವರ ಸ್ಥಿತಿ ಹೆಚ್ಚು ಕೆಟ್ಟಿತ್ತು. ಎಷ್ಟು ಲಕ್ಷ ಜನ ಆಗ ಈ ಕಷಾಯ ಕುಡಿದಿದ್ದರೋ, ಅದರ ಮುಂದೆ ಈ ಸಂಖ್ಯೆ ಚಿಕ್ಕದು. ಬಹುಪಾಲು ಜನರಿಗೆ ಏನೂ ಆಗಿಲ್ಲ ಎಂಬುದು ನಿಜ. ಆದರೆ ಆಗುವವರು ಯಾರೆಂದು ಕುಡಿಯುವ ಮೊದಲು ಹೇಳಲು ಸಾಧ್ಯವಿಲ್ಲ ಎಂಬುದೂ ಅಷ್ಟೇ ನಿಜ.

ಒಂದೂವರೆ ತಿಂಗಳು ಎಂಬ ಈ ಅವಧಿಯೇ ಜನರನ್ನು ದಾರಿ ತಪ್ಪಿಸುತ್ತದೆ. ಮೊದಲ ವಾರ ಹೊಟ್ಟೆ ಕೆಡಲಿಲ್ಲ, ಮೈ ಕಡಿಯಲಿಲ್ಲ, ಆದ್ದರಿಂದ ಒಗ್ಗಿತು ಎಂದುಕೊಳ್ಳುತ್ತೇವೆ. ಆಮೇಲೆ ಸುಸ್ತು, ಊಟ ಸೇರದಿರುವುದು, ವಾಕರಿಕೆ ಬಂದಾಗ ಕಷಾಯದ ನೆನಪೇ ಆಗುವುದಿಲ್ಲ. ಎಷ್ಟೋ ಸಲ ಸುಸ್ತು ಹೋಗಲಿ ಎಂದು ಅದನ್ನೇ ಇನ್ನೊಂದು ಲೋಟ ಹೆಚ್ಚಿಗೆ ಕುಡಿಯುತ್ತಾರೆ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣಿನ ಬಿಳಿಭಾಗ ಹಳದಿಯಾದರೆ ಅದೇ ದಿನ ಕಷಾಯ ನಿಲ್ಲಿಸಿ ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಬೇಕು. ಮಂಪರು, ಮಾತಿನಲ್ಲಿ ಗೊಂದಲ ಕಂಡರೆ ತುರ್ತು ವಿಭಾಗಕ್ಕೇ ಹೋಗಬೇಕು. ಹೋಗುವಾಗ ಬಾಟಲಿ, ಪುಡಿ, ಉಳಿದ ಬಳ್ಳಿಯ ತುಂಡು, ಏನಿದ್ದರೂ ಜೊತೆಗೆ ಒಯ್ಯಿರಿ. ‘ಯಾವ ಔಷಧ ತೆಗೆದುಕೊಳ್ಳುತ್ತೀರಿ?’ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ‘ಏನೂ ಇಲ್ಲ ಡಾಕ್ಟ್ರೇ’ ಎನ್ನುತ್ತಾರೆ, ಏಕೆಂದರೆ ಕಷಾಯ ಔಷಧದ ಲೆಕ್ಕಕ್ಕೆ ಬರುವುದೇ ಇಲ್ಲ.

ಹಲವರಿಗೆ ನಿಲ್ಲಿಸಿದರೆ ಸಾಕು, ವಾರಗಳಲ್ಲಿ ಲಿವರ್ ಚೇತರಿಸಿಕೊಳ್ಳುತ್ತದೆ. ಕೆಲವರಿಗೆ ರೋಗನಿರೋಧಕ ದಾಳಿಯನ್ನು ತಗ್ಗಿಸಲು ಸ್ಟೆರಾಯ್ಡ್ ಬೇಕಾಗುತ್ತದೆ. ಆ ಸ್ಟೆರಾಯ್ಡನ್ನು ನಿಧಾನಕ್ಕೆ ಇಳಿಸಿ ನಿಲ್ಲಿಸಿದ ಮೇಲೂ ಎಸ್‌ಜಿಪಿಟಿ ಏರದೆ ಉಳಿದರೆ ಅದು ಬಹುಶಃ ಕಷಾಯದಿಂದ ಆದದ್ದು. ಮತ್ತೆ ಏರಿದರೆ ಒಳಗೆ ಅಡಗಿದ್ದ ಆಟೋಇಮ್ಯೂನ್ ಹೆಪಟೈಟಿಸ್ ಅನ್ನು ಕಷಾಯ ಎಬ್ಬಿಸಿರುವ ಸಾಧ್ಯತೆ ಹೆಚ್ಚು, ಆಗ ಚಿಕಿತ್ಸೆ ವರ್ಷಗಟ್ಟಲೆ ಬೇಕಾಗಬಹುದು. ಎರಡರಲ್ಲಿ ಯಾವುದೇ ಇರಲಿ, ಒಮ್ಮೆ ಹಾನಿಯಾದವರು ಅಮೃತಬಳ್ಳಿಯನ್ನು ಯಾವ ರೂಪದಲ್ಲೂ ಮತ್ತೆ ತೆಗೆದುಕೊಳ್ಳಬಾರದು. ಎರಡನೆಯ ಸಲದ ಹಾನಿ ಸಾಮಾನ್ಯವಾಗಿ ಮೊದಲಿಗಿಂತ ಬೇಗ ಬರುತ್ತದೆ, ಜೋರಾಗಿಯೂ ಬರಬಹುದು.