ಸುಟ್ಟ ನೆಗೆಟಿವ್‌ನಿಂದ ಎದ್ದು ಬಂದ ‘ಪಥೇರ್ ಪಾಂಚಾಲಿ’

ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನಾ’ವನ್ನು ಇವತ್ತು ನಾವ್ಯಾರೂ ನೋಡಲಾರೆವು. ಒಂದು ಪ್ರಿಂಟ್ ಕೂಡ ಉಳಿದಿಲ್ಲ. ಆ ಕಾಲದಲ್ಲಿ ಸಿನಿಮಾಕ್ಕೆ ಬಳಸುತ್ತಿದ್ದುದು ನೈಟ್ರೇಟ್ ಫಿಲ್ಮ್. ಅದು ಬಿಸಿಗೆ ಅಂಟಂಟಾಗಿ, ಕೊನೆಗೆ ಕಂದು ಪುಡಿಯಾಗುತ್ತದೆ. ಬೆಂಕಿ ಹತ್ತಿದರಂತೂ ನೀರೊಳಗೂ ಉರಿಯುತ್ತದೆ, ಯಾಕೆಂದರೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ.

1950ರ ಹೊತ್ತಿಗೆ ಅದರ ಜಾಗಕ್ಕೆ ಅಸಿಟೇಟ್ ಬಂತು. ಸುಲಭವಾಗಿ ಉರಿಯುವುದಿಲ್ಲ ಎಂದು ಇದಕ್ಕೆ ‘ಸೇಫ್ಟಿ ಫಿಲ್ಮ್’ ಎಂದೇ ಹೆಸರು. ಆದರೆ ಇದಕ್ಕೂ ಒಂದು ರೋಗವಿದೆ. ಸೆಖೆ, ತೇವ ಜಾಸ್ತಿಯಾದರೆ ಫಿಲ್ಮ್‌ನಿಂದ ಅಸಿಟಿಕ್ ಆಸಿಡ್ ಹೊರಬರುತ್ತದೆ. ಮುಚ್ಚಿದ ಡಬ್ಬದಲ್ಲಿ ಅದೇ ಆಸಿಡ್ ಉಳಿದ ಫಿಲ್ಮನ್ನೂ ಬೇಗ ಕೆಡಿಸುತ್ತದೆ. ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಗಪ್ಪೆಂದು ಮೂಗಿಗೆ ಬಡಿಯುತ್ತದೆ. ವಾಸನೆ ಏಳುವ ಮೊದಲೇ ತಿಳಿಯಬೇಕೆಂದರೆ ಡಬ್ಬದೊಳಗೆ ನೀಲಿ ಕಾಗದದ ಪಟ್ಟಿ ಇಡುತ್ತಾರೆ. ಅದು ಹಸಿರಾದರೆ ಎಚ್ಚರ, ಹಳದಿಯಾದರೆ ಕೇಡು ಬಹಳ ಮುಂದೆ ಹೋಗಿದೆ ಎಂದರ್ಥ. ತಣ್ಣಗೆ ಇಟ್ಟರೆ ಕೊಳೆಯುವುದು ನಿಧಾನವಾಗುತ್ತದೆ, ಅಷ್ಟೇ. ಹೀಗೆ ಕೆಟ್ಟು ಕುಗ್ಗಿದ ಫಿಲ್ಮ್ ಮತ್ತೆ ಹಿಗ್ಗಿ ಮೊದಲಿನಂತಾಗುವುದಿಲ್ಲ.

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’, ‘ಅಪರಾಜಿತೊ’, ‘ಅಪುರ್ ಸಂಸಾರ್’ ಎಂಬ ಅಪು ಚಿತ್ರತ್ರಯಕ್ಕೆ ಬಂದ ಕುತ್ತು ಬೇರೆ. ಅವುಗಳ ಮೂಲ ನೆಗೆಟಿವ್ ಲಂಡನ್ನಿನ ಹೆಂಡರ್ಸನ್ಸ್ ಲ್ಯಾಬ್‌ನಲ್ಲಿದ್ದವು. 1993ರಲ್ಲಿ ಅಲ್ಲಿ ನೈಟ್ರೇಟ್ ಫಿಲ್ಮ್‌ನಿಂದ ಬೆಂಕಿ ಎದ್ದಿತು. ಸುಟ್ಟು ಕರಗಿ ಉಳಿದ ತುಣುಕುಗಳನ್ನು ಯಾರೂ ಎಸೆಯಲಿಲ್ಲ ಎಂಬುದೇ ದೊಡ್ಡ ಪುಣ್ಯ. ಆಸ್ಕರ್ ಅಕಾಡೆಮಿಯ ಸಂಗ್ರಹಾಲಯದಲ್ಲಿ ಅವು ಸುಮಾರು ಇಪ್ಪತ್ತು ವರ್ಷ ಸುಮ್ನೆ ಬಿದ್ದಿದ್ದವು. ಆಗಿನ ಯಾವ ಯಂತ್ರಕ್ಕೂ ಅವನ್ನು ಹಾಕುವಂತಿರಲಿಲ್ಲ.

ಹಳೆಯ ಶ್ರೇಷ್ಠ ಚಿತ್ರಗಳನ್ನು ಮತ್ತೆ ಹೊರತರುವ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಕೈಹಾಕಿದ ಮೇಲೆ ಕೆಲಸ ಇಟಲಿಯ ಬೊಲೋನ್ಯಾದ ಲ್ಯಾಬ್‌ಗೆ ಹೋಯಿತು. ಡಿಜಿಟಲ್ ಅಂದ ತಕ್ಷಣ ನಾವು ಕಂಪ್ಯೂಟರ್ ನೆನೆಯುತ್ತೇವೆ, ಅಲ್ವಾ? ಇಲ್ಲಿ ಮೊದಲು ನಡೆದದ್ದು ಕೈಕೆಲಸ. ಒಣಗಿ ಗರಿಗರಿಯಾದ ಫಿಲ್ಮ್‌ಗೆ ದ್ರಾವಣದಿಂದ ತೇವ ಕೊಟ್ಟರು. ಕರಗಿದ ಟೇಪು, ಗೋಂದು ಬಿಡಿಸಿದರು. ಅಂಚಿನ ತೂತುಗಳನ್ನು ಕೈಯಲ್ಲೇ ಹೊಸದಾಗಿ ಕಟ್ಟಿದರು. ಇದಕ್ಕೇ ಸುಮಾರು ಸಾವಿರ ಗಂಟೆ ಹಿಡಿಯಿತು. ಆಮೇಲಷ್ಟೇ ಪ್ರತಿ ಫ್ರೇಮನ್ನೂ ಸೂಕ್ಷ್ಮವಾಗಿ ಕಂಪ್ಯೂಟರಿಗೆ ಇಳಿಸುವ 4ಕೆ ಸ್ಕ್ಯಾನ್.

ಸ್ಕ್ಯಾನ್ ಆದ ಚಿತ್ರದಲ್ಲಿ ನಡುಕ, ಮಿನುಗು, ಗೀರು, ಧೂಳನ್ನು ಒಂದೊಂದಾಗಿ ತೆಗೆಯುತ್ತಾರೆ. ಅಕ್ಕಪಕ್ಕದ ಫ್ರೇಮ್‌ನಲ್ಲಿ ಆ ಜಾಗ ಚೆನ್ನಾಗಿದ್ದರೆ ಅಲ್ಲಿಂದ ತಂದು ತುಂಬುತ್ತಾರೆ. ಇಲ್ಲಿ ಕೈ ಬಿಗಿ ಹಿಡಿಯಬೇಕು. ಫಿಲ್ಮ್‌ನ ಸಹಜ ಕಣಗಳನ್ನೂ ‘ಕೊಳೆ’ ಎಂದು ಅಳಿಸಿಬಿಟ್ಟರೆ ಮುಖಗಳು ಮೇಣದ ಗೊಂಬೆಯಂತೆ ಕಾಣುತ್ತವೆ. ಅಂಥ ‘ರಿಸ್ಟೋರ್’ ಆದ ಪ್ರತಿಗಿಂತ ಗೀರು ಬಿದ್ದ ಹಳೆಯದೇ ವಾಸಿ ಎನ್ನುತ್ತೇನೆ.

ಇಲ್ಲದ್ದನ್ನು ಮಾತ್ರ ಯಾವ ಸ್ಕ್ಯಾನರ್ ಕೂಡ ತರಲಾರದು. ‘ಪಥೇರ್ ಪಾಂಚಾಲಿ’ಯ ಶೇ 40ರಷ್ಟು, ‘ಅಪರಾಜಿತೊ’ದ ಶೇ 60ಕ್ಕೂ ಹೆಚ್ಚು ಭಾಗ ಸುಟ್ಟ ಮೂಲ ನೆಗೆಟಿವ್‌ನಿಂದಲೇ ಸಿಕ್ಕಿತು. ಉಳಿದದ್ದನ್ನು ಬೇರೆ ಬೇರೆ ಸಂಗ್ರಹಾಲಯಗಳಲ್ಲಿದ್ದ ನಕಲು ನೆಗೆಟಿವ್ ಮತ್ತು ಮಾಸ್ಟರ್ ಪ್ರತಿಗಳಿಂದ ಜೋಡಿಸಿದರು. ಮೂರನೆಯದಾದ ‘ಅಪುರ್ ಸಂಸಾರ್’ನ ಮೂಲ ನೆಗೆಟಿವ್ ಉಪಯೋಗಕ್ಕೇ ಬರಲಿಲ್ಲ. 2015ರಲ್ಲಿ ತೆರೆಗೆ ಬಂದ ಅದರ ಹೊಸ ಪ್ರತಿ ಪೂರ್ತಿ ಇಂಥ ನಕಲುಗಳಿಂದಲೇ ಆದದ್ದು.