ಖಾಲಿ ಸಾಲು ಅಳಿಸುವ ಮುನ್ನ

ಕವನ ಸಂಕಲನದ ಹಸ್ತಪ್ರತಿ ಎಂದು ಬರುವ ಫೈಲ್‌ನಲ್ಲಿ ಸಾಮಾನ್ಯವಾಗಿ ನಾಲ್ಕೈದು ಕಡೆಯಿಂದ ತಂದು ಅಂಟಿಸಿದ ಕವಿತೆಗಳಿರುತ್ತವೆ: ಹಳೆಯ ನುಡಿ ಫೈಲ್, ವಾಟ್ಸ್ಆ್ಯಪ್, ಇಮೇಲ್, ವೆಬ್ ಪುಟ, ಪಿಡಿಎಫ್. ಕಳಿಸುವವರು ಅದಕ್ಕೂ ಮೊದಲೇ ಒಂದು ಉಪಕಾರ ಮಾಡಿರುತ್ತಾರೆ. 'ಅನಗತ್ಯ ಖಾಲಿ ಸಾಲುಗಳನ್ನೆಲ್ಲ ತೆಗೆದು ಚೊಕ್ಕ ಮಾಡಿದ್ದೇನೆ ಸರ್' ಎನ್ನುತ್ತಾರೆ. ಆ ಚೊಕ್ಕತನದಲ್ಲಿ ಚರಣಗಳೇ ಹೋಗಿರುತ್ತವೆ. ನವ್ಯ ಕವಿತೆಯಲ್ಲಿ ಎಲ್ಲಿ ಚರಣ ಮುಗಿಯಿತೆಂದು ಊಹಿಸಲು ಪ್ರಾಸವೂ ಇಲ್ಲ, ಮಾತ್ರೆಯೂ ಇಲ್ಲ. ಕೊನೆಗೆ ಕವಿಯನ್ನೇ ಕೇಳಬೇಕು; ಎಷ್ಟೋ ಸಲ ಕವಿಗೂ ನೆನಪಿರುವುದಿಲ್ಲ.

ಆದ್ದರಿಂದ ಈ ಸಲ ಅದೊಂದನ್ನೇ ಬಿಡಿಸಿ ಹೇಳುತ್ತೇನೆ. ನುಡಿ ಫೈಲ್ ಇದ್ದರೆ ಒಟ್ಟು ಮಾಡುವ ಮೊದಲೇ ಅದನ್ನು ಬೇರೆಯಾಗಿ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಫಾಂಟ್ ಬದಲಿಸಿದಾಗ 'ಕನ್ನಡ' ಎಂಬುದು `PÀ£ÀßqÀ` ಎಂದು ಕಂಡರೆ ಅದು ಇನ್ನೂ ಹಳೆಯದೇ. ಮೂಲ ಫೈಲ್‌ಗಳನ್ನು ಮುಟ್ಟದೆ ಹಾಗೇ ಇಟ್ಟುಕೊಳ್ಳಿ. ಮುಂದಿನದೆಲ್ಲ ವರ್ಡ್‌ನಲ್ಲಿ.

ಮೊದಲು Home ಪಟ್ಟಿಯ ¶ ಗುಂಡಿ ಒತ್ತಿ. ಈಗ ಎಂಟರ್ ಒತ್ತಿದ ಕಡೆಯಲ್ಲೆಲ್ಲ ¶ ಕಾಣುತ್ತದೆ, ಶಿಫ್ಟ್-ಎಂಟರ್ ಒತ್ತಿದ ಕಡೆ ↵ ಕಾಣುತ್ತದೆ. ಕಣ್ಣಿಗೆ ಎರಡೂ ಸಾಲು ಮುರಿದಂತೆಯೇ. ವರ್ಡ್‌ಗೆ ಮೊದಲನೆಯದು ಪ್ಯಾರಾದ ಕೊನೆ, ಎರಡನೆಯದು ಪ್ಯಾರಾದ ಒಳಗಿನ ಮುರಿವು. ಹುಡುಕುವ ಪೆಟ್ಟಿಗೆಯಲ್ಲಿ ಇವುಗಳ ಹೆಸರು `^p` ಮತ್ತು `^l`.

ಒಂದೊಂದು ಮೂಲದಿಂದ ಬಂದ ಕವಿತೆ ಚರಣದ ಅಂತರವನ್ನು ಒಂದೊಂದು ರೀತಿಯಲ್ಲಿ ಹೊತ್ತು ತರುತ್ತದೆ. ವಾಟ್ಸ್ಆ್ಯಪ್‌ನದರಲ್ಲಿ ಸಾಮಾನ್ಯವಾಗಿ ಪ್ರತಿ ಸಾಲಿಗೂ ಒಂದು ¶, ಚರಣದ ನಡುವೆ ಎರಡು. ಇಮೇಲ್‌ನಿಂದ ಬಂದದ್ದರಲ್ಲಿ ಅನೇಕ ಸಲ ಪ್ರತಿ ಸಾಲಿನ ನಡುವೆಯೇ ಎರಡು ¶ ಇದ್ದು, ಚರಣದ ನಡುವೆ ಮೂರೋ ನಾಲ್ಕೋ ಇರುತ್ತವೆ. ವೆಬ್ ಪುಟದ್ದರಲ್ಲಿ ಸಾಲಿನ ಕೊನೆಗೆ ↵, ಚರಣದ ಕೊನೆಗೆ ಮಾತ್ರ ಒಂದೇ ಒಂದು ¶. ಪಿಡಿಎಫ್‌ನಲ್ಲಿ ಚರಣದ ಗುರುತೇ ಇರುವುದಿಲ್ಲ. ಅಲ್ಲಿ ಅಂತರ ಎಂದರೆ ಕಾಗದದ ಮೇಲಿನ ಬಿಳಿ ಜಾಗ, ಅದು ನಕಲಾಗಿ ಬರುವುದಿಲ್ಲ.

ಇವನ್ನೆಲ್ಲ ಒಟ್ಟಿಗೆ ಹಾಕಿ ಒಂದೇ ಹುಡುಕು-ಬದಲಿಸು ಓಡಿಸುವುದೇ ತಪ್ಪು. `^p^p` ಇದ್ದಲ್ಲಿ `^p` ಎಂದು ಬದಲಿಸಿದರೆ ವಾಟ್ಸ್ಆ್ಯಪ್ ಕವಿತೆಯ ಚರಣಗಳು ಹೋದವು. `^l` ಇದ್ದಲ್ಲೆಲ್ಲ `^p` ಹಾಕಿದರೆ ವೆಬ್ ಕವಿತೆಯ ಚರಣಗಳು ಹೋದವು. ಅಳಿಸುವ ಮೊದಲು ಗುರುತು ಹಾಕಬೇಕು, ಅದೂ ಒಂದೊಂದು ಮೂಲಕ್ಕೆ ಬೇರೆ ಬೇರೆಯಾಗಿ. ಚರಣದ ಮೊದಲ ಸಾಲಿನ ಮುಂದೆ `##`, ಶೀರ್ಷಿಕೆಯ ಮುಂದೆ `@@`, ಕವಿ ಬೇಕೆಂದೇ ಒಳಗೆ ಸರಿಸಿದ ಸಾಲಿನ ಮುಂದೆ `>>`. ಕವಿತೆಯಲ್ಲಿ ಎಂದೂ ಬರದ ಯಾವ ಚಿಹ್ನೆಯಾದರೂ ಆದೀತು.

ಖಾಲಿ ಎಂದು ಕಾಣುವ ಸಾಲಿನಲ್ಲಿ ಒಂದು ಸ್ಪೇಸ್ ಅಡಗಿ ಕೂತಿದ್ದರೆ `^p^p` ಸಿಗುವುದೇ ಇಲ್ಲ. ಹಾಗಾಗಿ ಮೊದಲು 'ಸ್ಪೇಸ್ + `^p`' ಇರುವಲ್ಲಿ ಬರೀ `^p` ಹಾಕಿ. ಶೂನ್ಯ ಬದಲಾವಣೆ ಎನ್ನುವವರೆಗೂ ಓಡಿಸಿ. ಆಮೇಲೆ ಇಮೇಲ್ ಕವಿತೆಗೆ ದೊಡ್ಡದರಿಂದ ಚಿಕ್ಕದಕ್ಕೆ ಬನ್ನಿ:

```
^p^p^p^p  →  ^p##
^p^p^p    →  ^p##
^p^p      →  ^p
```

ವಾಟ್ಸ್ಆ್ಯಪ್ ಕವಿತೆಗೆ `^p^p` ಇದ್ದಲ್ಲಿ `^p##` ಎಂಬ ಒಂದೇ ಹೆಜ್ಜೆ ಸಾಕು. ವೆಬ್ ಕವಿತೆಗೆ ಮೊದಲು `^p` ಇದ್ದಲ್ಲಿ `^p##`, ಅದಾದ ಮೇಲಷ್ಟೇ `^l` ಇದ್ದಲ್ಲಿ `^p`. ಈ ಎರಡು ಹೆಜ್ಜೆ ಅದಲುಬದಲಾದರೆ ಪ್ರತಿ ಸಾಲಿಗೂ `##` ಬಂದು ಕೂರುತ್ತದೆ. ಹಾಗೆ ಕಂಡರೆ ಗಾಬರಿ ಬೇಡ, ಕಂಟ್ರೋಲ್-ಝಡ್ ಇದೆ.

ಪಿಡಿಎಫ್‌ಗೆ ಅಡ್ಡದಾರಿ ಇಲ್ಲ. ಪಕ್ಕದಲ್ಲಿ ಮೂಲ ಪುಟ ತೆರೆದಿಟ್ಟು ಕೈಯಿಂದಲೇ `##` ಹಾಕಬೇಕು. ಅಲ್ಲಿ ಇನ್ನೊಂದು ಬಲೆಯೂ ಇದೆ: ಅಗಲ ಸಾಲದೆ ಕೆಳಗಿಳಿದ ತುಂಡು ಬೇರೆ ಸಾಲಾಗಿ ಬಂದಿರುತ್ತದೆ. ಛಂದೋಬದ್ಧ ಪದ್ಯವಾದರೆ ಪತ್ತೆ ಸುಲಭ. ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೆಯ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ನೆಯದಕ್ಕೆ 23. ಒಂದು ಪದ್ಯ ಎಂಟು ಸಾಲಾಗಿ ಬಂದಿದ್ದರೆ ಆ ಎರಡು ಉದ್ದ ಸಾಲುಗಳೇ ಮುರಿದಿವೆ ಎಂದು ಮೊದಲ ಅನುಮಾನ. ಮುಕ್ತಛಂದಕ್ಕೆ ಈ ಅನುಕೂಲವಿಲ್ಲ, ಕವಿಗೆ ಫೋನ್ ಮಾಡಿ.

ಒಳಸರಿದ ಸಾಲುಗಳನ್ನು ನಂಬಬೇಡಿ. ಒಂದು ಸಾಲಿಗೆ ಐದು ಸ್ಪೇಸ್, ಇನ್ನೊಂದಕ್ಕೆ ಏಳು, ಮತ್ತೊಂದಕ್ಕೆ ಟ್ಯಾಬ್ ಇರುತ್ತದೆ. ಎಲ್ಲ ಸಾಲೂ ಸರಿದಿದ್ದರೆ ಅದು ನಕಲಿನ ಕೆಲಸ. ಸಾಲು ಬಿಟ್ಟು ಸಾಲು ಸರಿದಿದ್ದರೆ ಬಹುಶಃ ಕವಿಯದು, `>>` ಹಾಕಿ. `##` ಮತ್ತು `>>` ಬಿದ್ದ ಮೇಲೆ ಟ್ಯಾಬ್‌ಗಳನ್ನೂ ಸಾಲಿನ ಮೊದಲ ಸ್ಪೇಸ್‌ಗಳನ್ನೂ ಧೈರ್ಯವಾಗಿ ತೆಗೆಯಬಹುದು. ಸಾಲಿನ ಮಧ್ಯದ ದೊಡ್ಡ ಜಾಗವನ್ನು ಮಾತ್ರ ನೋಡಿ ತೆಗೆಯಿರಿ, ಕೆಲವರು ಅದನ್ನು ಉಸಿರಿಗೆಂದೇ ಬಿಟ್ಟಿರುತ್ತಾರೆ. 'ಅದೃಶ್ಯ ಅಕ್ಷರಗಳನ್ನೆಲ್ಲ ಅಳಿಸು' ಎನ್ನುವ ಉಪಕರಣಗಳ ತಂಟೆಗೆ ಹೋಗಬೇಡಿ; 'ಸಾಫ್ಟ್‌ವೇರ್' ಹೋಗಿ 'ಸಾಫ್ಟ್ವೇರ್' ಆಗುವುದು ಅದರಿಂದಲೇ.

ಇನ್ನು ಶೈಲಿಗಳು. ಇಡೀ ಚರಣವನ್ನು ಒಂದು ಪ್ಯಾರಾ ಮಾಡಿ ಒಳಗೆ ಶಿಫ್ಟ್-ಎಂಟರ್ ಬಳಸುವವರಿದ್ದಾರೆ. ನಾನು ಬೇಡ ಎನ್ನುತ್ತೇನೆ. ಉದ್ದ ಸಾಲು ಕೆಳಗಿಳಿದಾಗ ಆ ತುಂಡು ಮಾತ್ರ ಒಳಗೆ ಸರಿಯಬೇಕು; ಅದು ಆಗುವುದು ಒಂದು ಸಾಲಿಗೆ ಒಂದು ಪ್ಯಾರಾ ಇದ್ದಾಗ ಮಾತ್ರ. ಹಾಗಾಗಿ 'ಸಾಲು' ಶೈಲಿಗೆ Hanging 1 ಸೆಂ.ಮೀ. ಕೊಡಿ. 'ಚರಣಾರಂಭ' ಅದರದೇ ಪ್ರತಿ, ಮೇಲೆ ಒಂದು ಸಾಲಿನಷ್ಟು ಜಾಗ, ಅಂದರೆ 12 ಪಾಯಿಂಟ್ ಅಕ್ಷರಕ್ಕೆ ಸುಮಾರು 18 ಪಾಯಿಂಟ್. 'ಒಳಸಾಲು' ಎಡದಿಂದ ಇನ್ನೊಂದು ಸೆಂ.ಮೀ. ಒಳಗೆ. 'ಶೀರ್ಷಿಕೆ'ಗೆ Page break before ಮತ್ತು Keep with next. ಸಾಲಿನ ಅಂತರವನ್ನು Exactly ಎಂದು ಬಿಗಿಯಬೇಡಿ. 'ರಾಷ್ಟ್ರ'ದಂಥ ಪದದ ಕೆಳಗಿನ ಒತ್ತು ಕತ್ತರಿಸಿ ಹೋದೀತು. At least 18 ಇರಲಿ. ಶೈಲಿ ಮಾಡುವಾಗ Style type ಎಂಬಲ್ಲಿ Paragraph ಆರಿಸಿ.

ಮೊದಲು ಎಲ್ಲ ಸಾಲಿಗೂ 'ಸಾಲು' ಶೈಲಿಯನ್ನೇ ಹಾಕಿಕೊಳ್ಳಿ. ಆಮೇಲೆ ಗುರುತನ್ನು ಶೈಲಿಯಾಗಿಸುವುದಕ್ಕೆ ಎರಡು ಸುತ್ತು ಬೇಕು. `##` ಹುಡುಕಿ, ಬದಲಿಸುವ ಪೆಟ್ಟಿಗೆ ಖಾಲಿ ಬಿಟ್ಟು, Format ಒಳಗೆ 'ಚರಣಾರಂಭ' ಶೈಲಿ ಆರಿಸಿ. ವರ್ಡ್ ಶೈಲಿ ಹಾಕುತ್ತದೆ, `##` ಮಾತ್ರ ಉಳಿಯುತ್ತದೆ, ಕೆಟ್ಟಿತೆಂದುಕೊಳ್ಳಬೇಡಿ. ಬಳಿಕ No Formatting ಒತ್ತಿ ಇನ್ನೊಮ್ಮೆ ಓಡಿಸಿದರೆ `##` ಅಳಿಯುತ್ತದೆ. `@@`, `>>` ಎರಡಕ್ಕೂ ಹೀಗೆಯೇ. ಶೀರ್ಷಿಕೆಯ ಕೆಳಗಿನ ಮೊದಲ ಸಾಲಿಗೂ `##` ಬಿದ್ದಿದ್ದರೆ ಅದನ್ನು 'ಸಾಲು' ಮಾಡಿ.

ಕೊನೆಗೊಂದು ಕಿರಿಕಿರಿ ಉಳಿಯುತ್ತದೆ: ಚರಣ ಸರಿಯಾಗಿ ಪುಟದ ಬುಡದಲ್ಲೇ ಮುಗಿದರೆ ಅಂತರ ಕಾಣುವುದಿಲ್ಲ. ನಾಲ್ಕು ನಾಲ್ಕು ಸಾಲಿನ ಪದ್ಯವಾದರೆ ಓದುಗ ಎಣಿಸಿಕೊಳ್ಳುತ್ತಾನೆ. ಅಳತೆಯಿಲ್ಲದ ಚರಣವಾದರೆ ಅದರ ಕೊನೆಯ ಎರಡು ಸಾಲುಗಳನ್ನು ಮುಂದಿನ ಪುಟಕ್ಕೆ ತಳ್ಳಿ, ಅಲ್ಲಿ ಅಂತರ ಕಣ್ಣಿಗೆ ಬೀಳುತ್ತದೆ. ಆದರೆ ಇದು ಕರಡು ತಿದ್ದಿ ಮುಗಿದ ಮೇಲಿನ ಕೆಲಸ. ಮೊದಲೇ ಮಾಡಿದರೆ ಕವಿ ಒಂದು ಸಾಲು ಸೇರಿಸಿದ ಕೂಡಲೇ ಎಲ್ಲವೂ ಜಾರುತ್ತದೆ.