‘ಬಿಟ್ವೀನ್ ಯೂ ಅಂಡ್ ಐ’ ತಪ್ಪಾಗಿದ್ದು ಯಾವಾಗ?

ಇಂಗ್ಲಿಷ್ ವ್ಯಾಕರಣದ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುವ ಪ್ರಶ್ನೆ ಇದು: ‘ಬಿಟ್ವೀನ್ ಯೂ ಅಂಡ್...’ ಆದಮೇಲೆ ಏನು ಬರಬೇಕು? ಐ, ಮಿ, ಮೈಸೆಲ್ಫ್ ಅಂತ ಮೂರು ಆಯ್ಕೆ ಇರುತ್ತವೆ. ಸರಿಯುತ್ತರ ಮಿ. ವಿಚಿತ್ರ ಏನೆಂದರೆ, ಇಲ್ಲಿ ಐ ಅನ್ನುವವರು ಹೆಚ್ಚಾಗಿ ಚೆನ್ನಾಗಿ ಓದಿಕೊಂಡವರೇ.

ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೂ ವಿಭಕ್ತಿ ಪ್ರತ್ಯಯ ಇತ್ತು. ಕಾಲ ಕಳೆದಂತೆ ಅವು ಬಹುಪಾಲು ಸವೆದುಹೋದವು. ಕೆಲಸ ಮಾಡುವವರಿಗೊಂದು, ಉಳಿದ ಕಡೆಗೊಂದು ರೂಪ ಉಳಿದದ್ದು ಕೆಲವು ಸರ್ವನಾಮಗಳಲ್ಲಿ ಮಾತ್ರ: ಐ–ಮಿ, ಹಿ–ಹಿಮ್, ವಿ–ಅಸ್, ಹೀಗೆ. ‘ಯೂ’ ಪದಕ್ಕೂ ಒಂದು ಜೊತೆ ಇತ್ತು. ಕೆಲಸ ಮಾಡುವವರಾದರೆ ‘ಯೀ’, ಉಳಿದ ಕಡೆ ‘ಯೂ’. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಈ ಭೇದ ಇನ್ನೂ ಇದೆ. ‘ನೀವು ಸತ್ಯವನ್ನು ತಿಳಿಯುವಿರಿ’ ಎನ್ನುವಲ್ಲಿ ಯೀ, ‘ಸತ್ಯವು ನಿಮ್ಮನ್ನು ಬಿಡುಗಡೆ ಮಾಡುವುದು’ ಎನ್ನುವಲ್ಲಿ ಯೂ. ಆದರೆ ಮಾತಿನಲ್ಲಿ ಆಗಲೇ ಯೂ ಎರಡೂ ಜಾಗ ಹಿಡಿಯುತ್ತಿತ್ತು. ಹಾಗಾಗಿ ಇವತ್ತು ‘ಯೂ ಅಂಡ್’ ಎಂದಾಗ ಮುಂದೆ ಯಾವ ರೂಪ ಬರಬೇಕು ಅನ್ನುವ ಸುಳಿವು ಮೊದಲ ಪದದಿಂದ ಸಿಗುವುದೇ ಇಲ್ಲ. ಕನ್ನಡದಲ್ಲಿ ‘ನಿನ್ನ’ ಎಂದ ಕೂಡಲೇ ‘ನನ್ನ ನಡುವೆ’ ತಾನಾಗಿ ಬರುತ್ತದೆ, ಅಲ್ವಾ? ಇಂಗ್ಲಿಷಿಗೆ ಆ ಆಸರೆ ಹೋಗಿದೆ.

ಈ ಗೊಂದಲಕ್ಕೆ ದೊಡ್ಡ ಸಾಕ್ಷಿ ಶೇಕ್ಸ್‌ಪಿಯರ್. 1600ರಲ್ಲಿ ಅಚ್ಚಾದ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಆಂಟೋನಿಯೋ ಗೆಳೆಯನಿಗೆ ಕಾಗದ ಬರೆಯುತ್ತಾನೆ. ನಮ್ಮಿಬ್ಬರ ನಡುವಿನ ಸಾಲವೆಲ್ಲ ತೀರಿತು ಎನ್ನುವ ಸಾಲಿನಲ್ಲಿ ಇರುವುದು ‘ಬಿಟ್ವೀನ್ ಯೂ ಅಂಡ್ ಐ’.

ಇದನ್ನು ತಪ್ಪು ಎಂದು ಗಟ್ಟಿಯಾಗಿ ಹೇಳುವ ಕಾಲ ಬಂದದ್ದು 18ನೇ ಶತಮಾನದಲ್ಲಿ. ರಾಬರ್ಟ್ ಲೌತ್ 1762ರಲ್ಲಿ, ಲಿಂಡ್ಲಿ ಮರ‍್ರೆ 1795ರಲ್ಲಿ ತಂದ ವ್ಯಾಕರಣಗಳು ಬಹಳ ಓಡಿದವು. ‘ಟು’, ‘ವಿತ್’, ‘ಬಿಟ್ವೀನ್’ ತರಹದ ಪದಗಳ ಮುಂದೆ ಮಿ, ಹಿಮ್ ರೂಪವೇ ಬರಬೇಕು ಅನ್ನುವ ನಿಯಮ ಶಾಲೆಗಳಲ್ಲಿ ನೆಲೆಯೂರಿತು. ಅದರ ಜೊತೆಗೆ ಇನ್ನೊಂದು ತಿದ್ದುಪಡಿಯೂ ನಡೆಯುತ್ತಿತ್ತು. ಮಕ್ಕಳು ‘ಮಿ ಅಂಡ್ ಟಾಮ್ ವೆಂಟ್’ ಅಂದರೆ ಮೇಷ್ಟ್ರು ‘ಟಾಮ್ ಅಂಡ್ ಐ’ ಅನ್ನಿ ಎಂದು ಗದರುತ್ತಿದ್ದರು. ಮಕ್ಕಳು ಕಲಿತದ್ದು ನಿಯಮವನ್ನಲ್ಲ, ‘ಅಂಡ್ ಐ’ ಅಂದರೆ ಮರ್ಯಾದೆಯ ಇಂಗ್ಲಿಷ್ ಅನ್ನುವುದನ್ನು. ಅತಿಯಾಗಿ ತಿದ್ದಿಕೊಂಡು ಆಗುವ ತಪ್ಪು ಇದು.

ಆದರೆ ಎಲ್ಲ ತಪ್ಪನ್ನೂ ಮೇಷ್ಟ್ರ ತಲೆಗೆ ಕಟ್ಟುವಂತಿಲ್ಲ. ಶೇಕ್ಸ್‌ಪಿಯರ್ ಈ ಪುಸ್ತಕಗಳಿಗಿಂತ ಎಷ್ಟೋ ಮುಂಚಿನವನು. ‘ಯೂ ಅಂಡ್ ಐ’ ಒಂದೇ ಗಟ್ಟಿ ಗುಂಪಾಗಿ, ಕೊನೆಯ ಪದ ಬದಲಾಗುವುದನ್ನೇ ಬಿಟ್ಟಿತು ಎಂದು ಇಂಗ್ಲಿಷ್ ಭಾಷಾವಿದ್ವಾಂಸ ಹೆನ್ರಿ ಸ್ವೀಟ್ 19ನೇ ಶತಮಾನದ ಕೊನೆಯಲ್ಲಿ ವಿವರಿಸಿದರು. 1992ರಲ್ಲಿ ಬಿಲ್ ಕ್ಲಿಂಟನ್ ಪ್ರಚಾರದಲ್ಲಿ ‘ಗಿವ್ ಅಲ್ ಗೋರ್ ಅಂಡ್ ಐ ಎ ಚಾನ್ಸ್’ ಎಂದಾಗ ಟೀಕೆ ಬಂತು. ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ ಕ್ಲಿಂಟನ್ ಪರ ವಾದಿಸಿದರು: ಇಬ್ಬರು ಒಂಟಿ ವ್ಯಕ್ತಿಗಳ ಹೆಸರು ಸೇರಿದರೆ ಇಡೀ ಗುಂಪು ಬಹುವಚನವಾಗುತ್ತದೆ, ಒಳಗಿನ ಹೆಸರುಗಳು ಏಕವಚನವಾಗಿಯೇ ಉಳಿಯುತ್ತವೆ. ಹಾಗೆಯೇ ಗುಂಪಿನ ವಿಭಕ್ತಿ ಒಳಗಿನ ಪ್ರತಿ ಪದಕ್ಕೂ ಇಳಿಯಲೇಬೇಕು ಅಂತಿಲ್ಲ. ವಾದ ಚೆನ್ನಾಗಿದೆ. ಪರೀಕ್ಷೆಯಲ್ಲಿ ಮಾತ್ರ ಅಂಕ ಬರುವುದಿಲ್ಲ.

ಅಲ್ಲಿ ಎಲ್ಲರೂ ಹೇಳಿಕೊಡುವ ಉಪಾಯ, ಇನ್ನೊಬ್ಬರನ್ನು ತೆಗೆದು ಓದಿ ಅನ್ನುವುದು. ‘ದಿ ಮ್ಯಾನೇಜರ್ ಆಸ್ಕ್ಡ್ ರವಿ ಅಂಡ್ ಡ್ಯಾಶ್ ಟು ವೇಟ್’ ತೆಗೆದುಕೊಳ್ಳಿ. ಕಾಯುವವನು ನಾನೇ, ಹಾಗಾಗಿ ಐ ಅನ್ನಿಸುತ್ತದೆ. ರವಿಯನ್ನು ತೆಗೆಯಿರಿ: ‘ಆಸ್ಕ್ಡ್ ಮಿ ಟು ವೇಟ್’. ಅನುಮಾನವೇ ಇಲ್ಲ. ಆದರೆ ‘ಬಿಟ್ವೀನ್’ ಬಂದರೆ ಈ ಉಪಾಯ ಕೈಕೊಡುತ್ತದೆ. ನಡುವೆ ಎನ್ನಲು ಇಬ್ಬರು ಬೇಕು, ‘ಬಿಟ್ವೀನ್ ಮಿ’ ಕೂಡ ಕಿವಿಗೆ ಅಸಂಬದ್ಧವೇ. ಅಲ್ಲಿ ಇಬ್ಬರನ್ನೂ ಒಂದೇ ಪದ ಮಾಡಿ: ‘ಬಿಟ್ವೀನ್ ವಿ’ ಅಲ್ಲ, ‘ಬಿಟ್ವೀನ್ ಅಸ್’. ಅಸ್ ಸರಿ ಎಂದರೆ ಮಿ ಸರಿ.

ಇನ್ನು ಮೈಸೆಲ್ಫ್. ಐ–ಮಿ ಜಗಳದಿಂದ ತಪ್ಪಿಸಿಕೊಳ್ಳಲು ಜನ ಹಿಡಿಯುವ ದಾರಿ ಅದು. ಕಚೇರಿ ಪತ್ರಗಳಲ್ಲಿ ‘ಪ್ಲೀಸ್ ಕಾಂಟ್ಯಾಕ್ಟ್ ರವಿ ಆರ್ ಮೈಸೆಲ್ಫ್’ ಎಂದು ಸುಮ್ನೆ ಗತ್ತಿಗೆ ಬರೆಯುತ್ತಾರೆ. ಪರೀಕ್ಷೆಯ ನಿಯಮದಲ್ಲಿ, ಕೆಲಸ ಮಾಡಿದವನೂ ಅದು ತಗಲುವವನೂ ನಾನೇ ಆದರೆ ಮಾತ್ರ ಈ ಪದ. ಸಂಪರ್ಕಿಸುವವರು ನೀವು, ಆದ್ದರಿಂದ ಇಲ್ಲಿ ಮಿ. (‘ಐ ಮೈಸೆಲ್ಫ್ ಸಾ ಇಟ್’ ಎನ್ನುವುದು ಒತ್ತಿಗಾಗಿ ಬರುವ ಬೇರೆ ಬಳಕೆ.) ಆದರೆ ಮೈಸೆಲ್ಫ್ ಕಂಡ ಕೂಡಲೇ ಹೊಡೆದುಹಾಕುವ ಅಭ್ಯಾಸವೂ ಅಪಾಯ. ‘ಐ ಬಾಟ್ ಟಿಕೆಟ್ಸ್ ಫಾರ್ ರವಿ ಅಂಡ್ ಡ್ಯಾಶ್’ ಎಂದಿದ್ದರೆ ಕೊಂಡವನು ನಾನು, ಒಂದು ಟಿಕೆಟ್ ನನಗೇ. ಇಲ್ಲಿ ಉತ್ತರ ಮೈಸೆಲ್ಫ್. ಐ ಜಾಗದಲ್ಲಿ ಶೀ ಇದ್ದು ‘ಶೀ ಬಾಟ್’ ಆದರೆ, ಉತ್ತರ ಮತ್ತೆ ಮಿ.